ಗಣಿತ ಶಿಕ್ಷಕಿಯ ವಾರ್ಷಿಕ ವರದಿ: ಯಾವುದನ್ನು ಬರೆಯಬೇಕು, ಯಾವುದನ್ನು ಬಿಡಬೇಕು?

ವಸಂತಾ_ಎಚ್ಎಂ

ನಮಸ್ಕಾರ. ನಾನು ತುಮಕೂರು ಜಿಲ್ಲೆಯ ಒಂದು ಖಾಸಗಿ ಪ್ರೌಢಶಾಲೆಯಲ್ಲಿ ಮುಖ್ಯ ಶಿಕ್ಷಕಿ. ರಾಜ್ಯ ಪಠ್ಯಕ್ರಮ. ಏಪ್ರಿಲ್ ಕೊನೆಯೊಳಗೆ ಎಲ್ಲ ಶಿಕ್ಷಕರ ವಾರ್ಷಿಕ ವರದಿಯನ್ನು ಆಡಳಿತ ಮಂಡಳಿಗೆ ಕೊಡಬೇಕು. ಐದಕ್ಕೆ ಎಷ್ಟು ಅಂಕ, ಅದಕ್ಕೆ ಕಾರಣ, ಮುಂದಿನ ವರ್ಷದ ಗುರಿ, ಇಷ್ಟು ಬರೆಯಬೇಕು. ಇನ್‌ಕ್ರಿಮೆಂಟ್ ನಿರ್ಧಾರ ಆಗುವುದೂ ಇದೇ ಕಾಗದದ ಮೇಲೆ.

ಉಳಿದವರದ್ದು ಮುಗಿದಿದೆ. ಎಂಟನೇ ತರಗತಿ ಬಿ ಸೆಕ್ಷನ್‌ನ ಗಣಿತ ಶಿಕ್ಷಕಿಯದ್ದು ಮಾತ್ರ ಬಾಕಿ. ವರ್ಷದ ಕೊನೆಯ ಪರೀಕ್ಷೆಯಾದ ಎಸ್‌ಎ-2ರಲ್ಲಿ ಬಿ ಸೆಕ್ಷನ್ ಸರಾಸರಿ ನೂರಕ್ಕೆ 40, ಎ ಸೆಕ್ಷನ್ 63. ಎ ಸೆಕ್ಷನ್‌ಗೆ ಬೇರೆ ಶಿಕ್ಷಕರಿದ್ದಾರೆ. ಮಂಡಳಿಯವರು ಈ ಎರಡು ಸಂಖ್ಯೆ ನೋಡಿ, "ಇವರಿಗೆ ಎರಡು ಕೊಟ್ಟರೆ ಸಾಕು" ಅಂತ ಮೊದಲೇ ಹೇಳಿದ್ದಾರೆ. ನನಗೆ ಅದು ಸರಿ ಕಾಣುತ್ತಿಲ್ಲ. ಹಾಗಂತ ಎಲ್ಲ ಚೆನ್ನಾಗಿದೆ ಅಂತ ಬರೆದರೆ ಅದೂ ಸುಳ್ಳು. ಅವರ ತರಗತಿಯಲ್ಲಿ ಕೂತು ನೋಡಿದ್ದೇನೆ, ತೊಂದರೆ ಇದೆ.

ಮೊದಲ ಕರಡಿನಲ್ಲಿ ಬರೆದದ್ದು ಇಷ್ಟು: "ವಿಷಯ ಜ್ಞಾನ ಉತ್ತಮ. ಮಕ್ಕಳನ್ನು ತೊಡಗಿಸಿಕೊಳ್ಳುವಲ್ಲಿ ಸುಧಾರಣೆ ಬೇಕು. ಫಲಿತಾಂಶ ನಿರೀಕ್ಷಿತ ಮಟ್ಟದಲ್ಲಿಲ್ಲ. ಪೋಷಕರಿಂದ ದೂರುಗಳಿವೆ. ಪಠ್ಯ ಮುಗಿಸುವಲ್ಲಿ ವಿಳಂಬ." ಇದನ್ನು ಹೇಗೆ ತಿದ್ದಲಿ? ಅನುಭವ ಇರುವವರು ದಯವಿಟ್ಟು ಹೇಳಿ.

ಕಿರಣ್_ಬೆಂಗಳೂರು

ನಾನು ಐಟಿಯಲ್ಲಿ ಎಚ್‌ಆರ್. ಹನ್ನೆರಡು ತಿಂಗಳ ವರದಿ ಬರೆಯುವಾಗ ತಲೆಯಲ್ಲಿರುವುದು ಕೊನೆಯ ಎರಡು ತಿಂಗಳು ಮಾತ್ರ, ಇದು ಎಲ್ಲ ಕಡೆ ಆಗುವ ತಪ್ಪು. ಅದಕ್ಕೆ ಪ್ರತಿ ಮಾತಿಗೂ ಒಂದು ದಿನಾಂಕ ಇರಲಿ. ದಿನಾಂಕ ಸಿಗದ ಮಾತನ್ನು ತೆಗೆದುಬಿಡಿ. ಗುರಿ ಅಳೆಯುವ ಹಾಗಿರಲಿ: "ಸರಾಸರಿ 40ರಿಂದ 55ಕ್ಕೆ ಏರಬೇಕು."

ಇನ್ನೊಂದು. ಶಾಲೆಯ ಎಲ್ಲ ಶಿಕ್ಷಕರನ್ನೂ ಸಾಲಾಗಿ ನಿಲ್ಲಿಸಿ ನೋಡಿ. ನೂರಕ್ಕೆ ಹತ್ತು ಜನ ಕೆಳಗೆ ಬರಲೇಬೇಕು. ಆಗ ಇವರು ಎಲ್ಲಿ ನಿಲ್ಲುತ್ತಾರೆ ಅಂತ ತಾನಾಗಿಯೇ ತಿಳಿಯುತ್ತದೆ.

ಶ್ರೀನಿವಾಸ_ಮೈಸೂರು

ಮೇಡಂ, ತೆಗೆಯುವ ಉದ್ದೇಶ ಇದ್ದರೆ ಹುಷಾರು. ಕರ್ನಾಟಕ ಶಿಕ್ಷಣ ಕಾಯ್ದೆ 1983ರ 92ನೇ ಸೆಕ್ಷನ್ ಪ್ರಕಾರ ಖಾಸಗಿ ಶಾಲೆಯ ನೌಕರರನ್ನೂ ವಿಚಾರಣೆ ಇಲ್ಲದೆ ವಜಾ ಮಾಡುವ ಹಾಗಿಲ್ಲ. ಆಪಾದನೆ ಲಿಖಿತದಲ್ಲಿ ಕೊಡಬೇಕು, ಅವರ ಉತ್ತರ ಕೇಳಬೇಕು. ಮೊದಲು ನೋಟಿಸ್ ಕೊಡಿ.

ವಸಂತಾ_ಎಚ್ಎಂ

ಅಯ್ಯೋ, ತೆಗೆಯುವ ಮಾತೇ ಇಲ್ಲ ಸರ್. ಅವರು ಉಳಿಯಬೇಕು, ಇನ್ನೂ ಚೆನ್ನಾಗಿ ಪಾಠ ಮಾಡಬೇಕು. ಅದಕ್ಕೇ ಕೇಳುತ್ತಿರುವುದು.

ಡಯಟ್_ನಿವೃತ್ತ

ಶಿಕ್ಷಕರಿಗೆ ತರಬೇತಿ ಕೊಡುವ ಜಿಲ್ಲಾ ಸಂಸ್ಥೆ ಡಯಟ್‌ನಲ್ಲಿ ಉಪನ್ಯಾಸಕನಾಗಿದ್ದೆ, ಗಣಿತವೇ ನನ್ನ ವಿಷಯ. ಶ್ರೀನಿವಾಸ ಅವರು ಹೇಳಿದ ಕಾನೂನು ಸರಿ, ಆದರೆ ಅದು ಶಿಸ್ತಿನ ವಿಚಾರ. ವಾರ್ಷಿಕ ವರದಿಯಲ್ಲಿ ಆ ಧ್ವನಿ ಬಂದರೆ ಓದುವವರು ಮುಂದಿನ ಸಾಲಿಗೆ ಹೋಗುವುದೇ ಇಲ್ಲ, ತಮ್ಮ ರಕ್ಷಣೆಗೆ ನಿಲ್ಲುತ್ತಾರೆ.

ಕಿರಣ್ ಅವರ ದಿನಾಂಕದ ಮಾತು ನೂರಕ್ಕೆ ನೂರು ಒಪ್ಪುತ್ತೇನೆ. ಸಾಲಿನಲ್ಲಿ ನಿಲ್ಲಿಸುವುದನ್ನು ಮಾತ್ರ ಒಪ್ಪುವುದಿಲ್ಲ. ಹದಿನೈದು ಇಪ್ಪತ್ತು ಶಿಕ್ಷಕರ ಶಾಲೆಯಲ್ಲಿ ಒಬ್ಬರಾದರೂ ಕೆಳಗೆ ಬರಲೇಬೇಕು ಅಂತ ಮೊದಲೇ ತೀರ್ಮಾನ ಮಾಡಿದರೆ, ಎಲ್ಲರೂ ಚೆನ್ನಾಗಿ ಪಾಠ ಮಾಡಿದ ವರ್ಷವೂ ಒಬ್ಬರು ಸಿಕ್ಕಿಬೀಳುತ್ತಾರೆ. ಚಿತ್ರಕಲೆ ಶಿಕ್ಷಕರನ್ನೂ ಗಣಿತ ಶಿಕ್ಷಕಿಯನ್ನೂ ಒಂದೇ ಸಾಲಿಗೆ ತರುವುದು ಹೇಗೆ?

ಮೇಡಂ, ಅಂಕದಿಂದ ಶುರು ಮಾಡೋಣ. ನಿಮ್ಮ ಮಂಡಳಿ ಹಿಡಿದಿರುವುದು ಅದನ್ನೇ. ಮೂರು ವಿಷಯ ತಿಳಿಸಿ. ಜೂನ್‌ನಲ್ಲಿ ಸೆಕ್ಷನ್ ಹೇಗೆ ಹಂಚಿದಿರಿ? ವರ್ಷದ ಮೊದಲಿಗೆ ಹಿಂದಿನ ತರಗತಿಯ ಪಾಠ ನೆನಪಿಸುವ ಸೇತುಬಂಧದ ಆರಂಭದ ಪರೀಕ್ಷೆಯಲ್ಲಿ ಎರಡೂ ಸೆಕ್ಷನ್ ಎಷ್ಟು ತೆಗೆದವು? ಎಸ್‌ಎ-2ಕ್ಕೆ ಗೈರಾದ ಮಕ್ಕಳನ್ನು ಕಚೇರಿಯವರು ಸೊನ್ನೆ ಅಂತ ಸೇರಿಸಿದ್ದಾರೋ, ಬಿಟ್ಟಿದ್ದಾರೋ?

ವಸಂತಾ_ಎಚ್ಎಂ

ರಿಜಿಸ್ಟರ್ ತೆಗೆದು ನೋಡಿದೆ. ಸೆಕ್ಷನ್ ಹಂಚಿದ್ದು ಏಳನೇ ತರಗತಿಯ ಅಂಕದ ಮೇಲೆ. ಹೆಚ್ಚು ತೆಗೆದವರು ಎಗೆ, ಉಳಿದವರು ಬಿಗೆ. ಬಿಯಲ್ಲಿ 36 ಮಕ್ಕಳು. ಎಸ್‌ಎ-2ಕ್ಕೆ ನಾಲ್ವರು ಬಂದಿರಲಿಲ್ಲ, ಅವರನ್ನು ಸೊನ್ನೆ ಅಂತಲೇ ಸೇರಿಸಿದ್ದಾರೆ. ಪರೀಕ್ಷೆ ಬರೆದ 32 ಮಕ್ಕಳದ್ದು ಮಾತ್ರ ತೆಗೆದರೆ ಸರಾಸರಿ 40 ಅಲ್ಲ, 45 ಆಗುತ್ತದೆ. ಅದೇ 32 ಮಕ್ಕಳು ಸೇತುಬಂಧದ ಆರಂಭದ ಪರೀಕ್ಷೆಯಲ್ಲಿ ನೂರಕ್ಕೆ 36ರ ಲೆಕ್ಕದಲ್ಲಿ ತೆಗೆದಿದ್ದರು. ಎ ಸೆಕ್ಷನ್ ಆಗ 60, ಈಗ 63. ಅಲ್ಲಿ ಗೈರು ಯಾರೂ ಇಲ್ಲ.

ಅಂದರೆ ಬಿ 9 ಏರಿದೆ, ಎ 3 ಏರಿದೆ! ಹಾಗಾದರೆ ಇವರೇ ಹೆಚ್ಚು ಚೆನ್ನಾಗಿ ಪಾಠ ಮಾಡಿದ್ದಾರೆ ಅಂತ ಬರೆಯಬಹುದಾ?

ಡಯಟ್_ನಿವೃತ್ತ

ಅಷ್ಟು ದೂರ ಹೋಗಬೇಡಿ. ಸೇತುಬಂಧದ ಪ್ರಶ್ನೆಗಳು ಹಿಂದಿನ ತರಗತಿಯವು, ಎಸ್‌ಎ-2 ಎಂಟನೇ ತರಗತಿಯದು. ಬೇರೆ ಬೇರೆ ಪ್ರಶ್ನೆಪತ್ರಿಕೆ. ಒಂದರ 36ನ್ನು ಇನ್ನೊಂದರ 45ರಿಂದ ಕಳೆದು "ಇಷ್ಟು ಕಲಿತರು" ಅನ್ನಲು ಬರುವುದಿಲ್ಲ. ಜೊತೆಗೆ, ಒಂದು ಪರೀಕ್ಷೆಯಲ್ಲಿ ತುಂಬಾ ಕಡಿಮೆ ತೆಗೆದ ಗುಂಪು ಮುಂದಿನದರಲ್ಲಿ ಸ್ವಲ್ಪ ಮೇಲೆ ಬರುವುದು ಸಾಮಾನ್ಯ. ಮೊದಲ ದಿನ ಜ್ವರ ಇದ್ದವನು, ಪ್ರಶ್ನೆ ತಪ್ಪು ಓದಿಕೊಂಡವನು, ಇಂಥವರೆಲ್ಲ ಎರಡನೇ ಸಲ ಸರಿಹೋಗುತ್ತಾರೆ. ಅದರಲ್ಲಿ ಶಿಕ್ಷಕರ ಪಾಲು ಎಷ್ಟು ಅಂತ ಬಿಡಿಸಿ ಹೇಳಲು ಆಗುವುದಿಲ್ಲ.

ನೀವು ಧೈರ್ಯವಾಗಿ ಬರೆಯಬಹುದಾದ್ದು ಒಂದೇ. ಎರಡೂ ಸೆಕ್ಷನ್ ನಡುವಿನ ಅಂತರ ಜೂನ್‌ನಲ್ಲೇ 24 ಇತ್ತು, ಈಗ 18 ಇದೆ. ಅಂತರವನ್ನು ಈ ಶಿಕ್ಷಕಿ ಹುಟ್ಟಿಸಲಿಲ್ಲ, ಅವರ ಕೈಯಲ್ಲಿ ಅದು ಹೆಚ್ಚಲೂ ಇಲ್ಲ. ಹಾಗಾಗಿ ಅಂಕ ನೋಡಿ ಎರಡು ಕೊಡಲು ಆಧಾರವಿಲ್ಲ. ಐದು ಕೊಡಲೂ ಇಲ್ಲ.

ಆ ನಾಲ್ಕು ಮಕ್ಕಳ ಹಾಜರಾತಿ ಬೇರೆಯಾಗಿ ನೋಡಿ. ವರ್ಷವಿಡೀ ಬಾರದವರಾದರೆ ಅದು ಶಾಲೆ ಹಿಡಿಯಬೇಕಾದ ವಿಷಯ. ಗಣಿತ ಶಿಕ್ಷಕಿಯ ವರದಿಯಲ್ಲಿ ಅದಕ್ಕೆ ಜಾಗ ಇಲ್ಲ.

ಕಿರಣ್_ಬೆಂಗಳೂರು

ಹಾಗಾದರೆ ಸರಾಸರಿ 55 ಅನ್ನುವ ಗುರಿಯೂ ಬೇಡ ಅಂತೀರಾ ಸರ್? ಸಂಖ್ಯೆ ಇಲ್ಲದಿದ್ದರೆ ಮುಂದಿನ ವರ್ಷ ನೋಡುವುದು ಏನನ್ನು?

ಡಯಟ್_ನಿವೃತ್ತ

ಸಂಖ್ಯೆ ಇರಲಿ, ಶಿಕ್ಷಕಿಯ ಕೈಯಲ್ಲಿರುವ ಕೆಲಸದ ಸಂಖ್ಯೆ ಇರಲಿ. 55 ತರಬೇಕು ಅಂತ ಬರೆದರೆ, ಪ್ರಶ್ನೆಪತ್ರಿಕೆ ಮಾಡುವುದೂ ಅವರೇ, ತಿದ್ದುವುದೂ ಅವರೇ. ಪತ್ರಿಕೆ ಸುಲಭವಾಗುತ್ತದೆ, 55 ಬಂದುಬಿಡುತ್ತದೆ. ಅವರು ಕೆಟ್ಟವರು ಅಂತ ಅಲ್ಲ, ಸಂಬಳ ಅದರ ಮೇಲೆ ನಿಂತಾಗ ಯಾರಿಗಾದರೂ ಕೈ ಹಾಗೇ ಹೋಗುತ್ತದೆ.

ಮೇಡಂ, ತರಗತಿಯಲ್ಲಿ ಕೂತಾಗ ಏನು ಬರೆದುಕೊಂಡಿರಿ? ಅಭಿಪ್ರಾಯ ಬೇಡ, ಕಂಡದ್ದನ್ನು ಹೇಳಿ.

ವಸಂತಾ_ಎಚ್ಎಂ

ಮೂರು ಸಲ ಕೂತಿದ್ದೆ. ಜುಲೈ, ಅಕ್ಟೋಬರ್, ಫೆಬ್ರವರಿ. ಜುಲೈಯದು "ಪಾಠ ಚೆನ್ನಾಗಿತ್ತು" ಅಂತಷ್ಟೇ ಇದೆ, ಉಪಯೋಗಕ್ಕಿಲ್ಲ. ಕೊನೆಯ ಎರಡರಲ್ಲಿ ವಿವರ ಇದೆ.

ಫೆಬ್ರವರಿಯದು ಹೇಳುತ್ತೇನೆ. ಸಮೀಕರಣದ ಪುನರಾವರ್ತನೆ. ನಲವತ್ತು ನಿಮಿಷದಲ್ಲಿ ಅವರು 14 ಪ್ರಶ್ನೆ ಕೇಳಿದರು. 11ಕ್ಕೆ ಉತ್ತರ ಬಂದದ್ದು ಮುಂದಿನ ಎರಡು ಬೆಂಚಿನಿಂದ, ಅದೇ ಐದು ಮಕ್ಕಳಿಂದ. ಎರಡು ಪ್ರಶ್ನೆಗೆ ಅವರೇ ಉತ್ತರ ಹೇಳಿದರು. ಕಿಟಕಿ ಕಡೆಯ ಸಾಲಿನ ಒಬ್ಬಳು ಒಂದು ಸಲ ಕೈ ಎತ್ತಿದಳು, ಹೇಳಿದ್ದು ಸರಿ ಇತ್ತು. ಪ್ರಶ್ನೆ ಕೇಳಿದ ಕೂಡಲೇ "ಹಾ, ಯಾರು ಹೇಳ್ತೀರ?" ಅನ್ನುತ್ತಾರೆ, ಅಷ್ಟರಲ್ಲಿ ಮುಂದಿನ ಬೆಂಚು ಕೂಗಿರುತ್ತದೆ. ಅಕ್ಟೋಬರ್‌ನಲ್ಲೂ ಹೆಚ್ಚು ಕಡಿಮೆ ಹೀಗೇ.

ನೋಟ್‌ಪುಸ್ತಕವನ್ನೂ ನೋಡಿದ್ದೆ. ಹಾಜರಿ ಪುಸ್ತಕದ ಕ್ರಮದಲ್ಲಿ ಬಿಟ್ಟು ಬಿಟ್ಟು ಹತ್ತು ತೆಗೆಸಿದೆ, ಅವರಾಗಿ ಆರಿಸಿ ಕೊಟ್ಟದ್ದಲ್ಲ. ಹತ್ತರಲ್ಲೂ ಕೆಂಪು ಶಾಯಿ ಇದೆ, ಸಹಿ ಇದೆ, ಒಂದೂ ಬಾಕಿ ಇಲ್ಲ. ಒಂದು ಪುಸ್ತಕದಲ್ಲಿ 2x − 5 = 11 ಲೆಕ್ಕ. ಹುಡುಗ 2x = 11 − 5 ಅಂತ ಬರೆದು x = 3 ತಂದಿದ್ದಾನೆ. ಮೇಡಂ ಅದನ್ನು ಹೊಡೆದು ಪಕ್ಕದಲ್ಲಿ x = 8 ಅಂತ ಬರೆದಿದ್ದಾರೆ. ಮುಂದಿನ ಪುಟದಲ್ಲಿ 3x − 4 = 14. ಅಲ್ಲೂ ಅವನು 14 − 4 ಅಂತಲೇ ಬರೆದಿದ್ದಾನೆ. ಏಳು ಪುಸ್ತಕದಲ್ಲಿ ಹೀಗೆ ಸರಿ ಉತ್ತರ ಬರೆದು ಬಿಟ್ಟಿದ್ದಾರೆ. ಮೂರರಲ್ಲಿ ಮಾತ್ರ ಮಕ್ಕಳು ಲೆಕ್ಕವನ್ನು ಮತ್ತೆ ಮಾಡಿದ್ದಾರೆ.

ಡಯಟ್_ನಿವೃತ್ತ

ಇಷ್ಟು ಕೈಯಲ್ಲಿಟ್ಟುಕೊಂಡು "ತೊಡಗಿಸಿಕೊಳ್ಳುವಲ್ಲಿ ಸುಧಾರಣೆ ಬೇಕು" ಅಂತ ಯಾಕೆ ಬರೆದಿರಿ ಮೇಡಂ! ಈಗ ಹೇಳಿದ್ದನ್ನೇ ಹೀಗೆಯೇ ವರದಿಗೆ ಇಳಿಸಿ. 14ರಲ್ಲಿ 11 ಅಂದಾಗ ಅವರಿಗೆ ಬೇಜಾರಾಗಬಹುದು, ಆದರೆ ಏನು ಬದಲಾಯಿಸಬೇಕು ಅಂತ ಅರ್ಥವಾಗುತ್ತದೆ.

ಆ ಹುಡುಗನ ಲೆಕ್ಕ ನೋಡಿ. ಮೈನಸ್ 5 ಆಚೆ ಹೋದಾಗ ಪ್ಲಸ್ ಯಾಕಾಗುತ್ತದೆ ಅನ್ನುವುದು ಅವನಿಗೆ ಗೊತ್ತಿಲ್ಲ. "ಆಚೆ ಹೋದರೆ ಚಿಹ್ನೆ ಬದಲು" ಅಂತ ಕೇಳಿದ್ದಾನೆ, ಎರಡೂ ಕಡೆಗೆ 5 ಕೂಡಿಸುತ್ತಿದ್ದೇವೆ ಅಂತ ಅವನಿಗೆ ಯಾರೂ ಮಾಡಿ ತೋರಿಸಿಲ್ಲ, ಅಥವಾ ತೋರಿಸಿದಾಗ ಹಿಡಿದಿಲ್ಲ. ಪಕ್ಕದಲ್ಲಿ 8 ಬರೆದರೆ ಅದು ತಿಳಿಯುವುದಿಲ್ಲ. ತಪ್ಪಾದ ಸಾಲಿಗೆ ಗೆರೆ ಎಳೆದು "ಇಲ್ಲಿಂದ ಮತ್ತೆ ಮಾಡು" ಅಂದರೆ ಸಾಕು. ಶಿಕ್ಷಕಿಗೆ ಶಾಯಿಯೂ ಉಳಿಯುತ್ತದೆ, ಸಮಯವೂ ಉಳಿಯುತ್ತದೆ.

ಎಲ್ಲ ಪುಸ್ತಕ ಸಮಯಕ್ಕೆ ತಿದ್ದಿದ್ದಾರೆ ಅನ್ನುವುದನ್ನು ಮೊದಲು ಬರೆಯಿರಿ. 36 ಪುಸ್ತಕ ಬಾಕಿ ಇಲ್ಲದೆ ತಿದ್ದುವುದು ಸಣ್ಣ ದುಡಿಮೆಯಲ್ಲ. ಕೊರತೆ ಇರುವುದು ತಿದ್ದುವ ವಿಧಾನದಲ್ಲಿ.

ಸವಿತಾ_ಜಿಹೆಚ್ಎಸ್

ನಾನು ಸರ್ಕಾರಿ ಪ್ರೌಢಶಾಲೆ ಶಿಕ್ಷಕಿ. ಇದನ್ನು ಓದುತ್ತಾ ಸಂಕಟವಾಯಿತು. ನನ್ನ ಒಂದು ವರ್ಷದ ಕಾರ್ಯನಿರ್ವಹಣಾ ವರದಿಯಲ್ಲಿ "ಸಾಮಾನ್ಯ" ಅಂತ ಒಂದೇ ಪದ ಬರೆದಿದ್ದರು. ಯಾಕೆ ಅಂತ ಕೇಳಿದರೆ ಉತ್ತರ ಇಲ್ಲ. ಆ ವರ್ಷ ಅವರು ನನ್ನ ತರಗತಿಗೆ ಕಾಲೇ ಇಟ್ಟಿರಲಿಲ್ಲ. ನೋಡದೆ ಬರೆದ ಒಂದು ಪದವನ್ನು ಎಷ್ಟು ವರ್ಷ ಹೊತ್ತುಕೊಂಡು ತಿರುಗಬೇಕು ಹೇಳಿ.

ವಸಂತಾ ಮೇಡಂ, ಬರೆದದ್ದನ್ನು ಮಂಡಳಿಗೆ ಕಳಿಸುವ ಮೊದಲು ಆ ಶಿಕ್ಷಕಿಗೆ ತೋರಿಸಿ. ಇಷ್ಟೇ ನನ್ನ ಕೋರಿಕೆ.

ಡಯಟ್_ನಿವೃತ್ತ

ಸವಿತಾ ಅವರೇ, 2008ರಲ್ಲಿ ದೇವದತ್ತ್ ವಿರುದ್ಧ ಭಾರತ ಸರ್ಕಾರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು. ಅವರೊಬ್ಬ ಎಂಜಿನಿಯರ್. ಬಡ್ತಿಗೆ "ಬಹಳ ಉತ್ತಮ" ಬೇಕಿತ್ತು, ಒಂದು ವರ್ಷ "ಉತ್ತಮ" ಅಂತ ಬರೆದಿದ್ದರು, ಅದನ್ನು ತಿಳಿಸಿರಲಿಲ್ಲ. ಕೆಟ್ಟ ಮಾತು ಮಾತ್ರವಲ್ಲ, ವರದಿಯ ಪ್ರತಿಯೊಂದು ನಮೂದನ್ನೂ ನೌಕರರಿಗೆ ತಿಳಿಸಬೇಕು ಅಂತ ಕೋರ್ಟ್ ಹೇಳಿತು. 2013ರಲ್ಲಿ ಸುಖದೇವ್ ಸಿಂಗ್ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ಎತ್ತಿಹಿಡಿಯಿತು. ಇವು ಸರ್ಕಾರಿ ನೌಕರರ ಪ್ರಕರಣಗಳು. ಆದರೆ ತನ್ನ ಬಗ್ಗೆ ಬರೆದದ್ದನ್ನು ತಿಳಿದುಕೊಂಡು ಉತ್ತರ ಕೊಡುವ ಅವಕಾಶ ಖಾಸಗಿ ಶಾಲೆಯಲ್ಲೂ ಇರಬೇಕು ಅನ್ನುವುದು ನನ್ನ ಅಭಿಪ್ರಾಯ.

ರಘು_ಪೋಷಕ

ಪೋಷಕರ ದೂರಿನ ಬಗ್ಗೆ ಯಾರೂ ಮಾತಾಡಲಿಲ್ಲವಲ್ಲ. ನಾವು ಫೀಸ್ ಕಟ್ಟುತ್ತೇವೆ, ನಮ್ಮ ಮಾತಿಗೂ ಬೆಲೆ ಇರಬೇಕು ಅಲ್ವಾ?

ವಸಂತಾ_ಎಚ್ಎಂ

ಖಂಡಿತ ಇರಬೇಕು ಸರ್. ನಿಮ್ಮ ಮಾತು ನೋಡಿ ವಾಟ್ಸಾಪ್ ಮತ್ತು ಡೈರಿ ತೆಗೆದು ನೋಡಿದೆ. ಎರಡು ದೂರು ಇವೆ, ಎರಡೂ ಒಂದೇ ಮನೆಯವು. ಮಗಳಿಗೆ ಹೋಂವರ್ಕ್ ಜಾಸ್ತಿ ಅಂತ ತಾಯಿ ಆಗಸ್ಟ್‌ನಲ್ಲಿ ಹೇಳಿದ್ದರು, ತಂದೆ ಸೆಪ್ಟೆಂಬರ್‌ನಲ್ಲಿ. ಶಿಕ್ಷಕಿಯನ್ನು ಕರೆದು ಮಾತಾಡಿದ ಮೇಲೆ ಕಡಿಮೆಯಾಯಿತು, ಆಮೇಲೆ ಆ ಮನೆಯಿಂದ ಏನೂ ಬಂದಿಲ್ಲ. ಇದನ್ನು "ಪೋಷಕರಿಂದ ದೂರುಗಳಿವೆ" ಅಂದರೆ ಇಡೀ ತರಗತಿಯೇ ಬೇಸತ್ತಿದೆ ಅನ್ನುವ ಹಾಗೆ ಕೇಳುತ್ತದೆ. ಆ ಸಾಲು ತೆಗೆಯುತ್ತೇನೆ.

ಪಠ್ಯದ ವಿಳಂಬಕ್ಕೂ ಕಾರಣ ಇದೆ. ನವೆಂಬರ್-ಡಿಸೆಂಬರ್‌ನಲ್ಲಿ ಅವರು ಐದು ವಾರ ಆಸ್ಪತ್ರೆ ಕಾರಣಕ್ಕೆ ರಜೆಯಲ್ಲಿದ್ದರು. ಆ ಪೀರಿಯಡ್‌ಗಳಿಗೆ ದೈಹಿಕ ಶಿಕ್ಷಕರನ್ನು ಹಾಕಿದ್ದೆವು. ಅವರು ಮಕ್ಕಳನ್ನು ಸುಮ್ನೆ ಕೂರಿಸಿಕೊಂಡಿದ್ದರು ಅಷ್ಟೇ, ಗಣಿತ ನಡೆಯಲಿಲ್ಲ.

ಡಯಟ್_ನಿವೃತ್ತ

ಹಾಗಾದರೆ ಆ ಐದು ವಾರದ ಪಾಠ ಶಾಲೆಯ ಲೆಕ್ಕಕ್ಕೆ. ವರದಿಯಲ್ಲಿ "ಮಂಜೂರಾದ ರಜೆ" ಅಂತ ಮಾತ್ರ ಬರೆಯಿರಿ, ಯಾಕೆ ರಜೆ ಅನ್ನುವುದು ಬೇಡ. ಆ ಕಾಗದ ಎಷ್ಟು ಜನರ ಕೈಗೆ ಹೋಗುತ್ತದೋ ಗೊತ್ತಿಲ್ಲ. ರಜೆಯಿಂದ ಬಂದ ಮೇಲೆ ಅವರು ಏನು ಮಾಡಿದರು?

ವಸಂತಾ_ಎಚ್ಎಂ

ಜನವರಿಯಿಂದ ಶನಿವಾರ ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಹೆಚ್ಚಿಗೆ ತೆಗೆದುಕೊಂಡರು. ಯಾರೂ ಹೇಳಿರಲಿಲ್ಲ. ಎರಡು ಅಧ್ಯಾಯ ಹಾಗೇ ಮುಗಿಯಿತು. ಕರಡಿನಲ್ಲಿ ಇದು ಇಲ್ಲವೇ ಇಲ್ಲ, ಸೇರಿಸಲೇಬೇಕು.

ನಾಗವೇಣಿ_ಗಣಿತ

ನಾನೂ ಗಣಿತ ಶಿಕ್ಷಕಿ, ಹೊಸಬಳು. ಒಂದು ಮಾತು ಹೇಳಲೇ? ಹಿಂದಿನ ಬೆಂಚಿನವರನ್ನೂ ಕೇಳಬೇಕು ಅಂತ ನಮಗೆ ಗೊತ್ತಿರುತ್ತದೆ. ಕೇಳಿ ಸುಮ್ಮನೆ ನಿಂತರೆ ತರಗತಿ ಗಲಾಟೆಯಾಗುತ್ತದೆ, ಪಠ್ಯ ಹಿಂದೆ ಬೀಳುತ್ತದೆ ಅನ್ನುವ ಭಯ. ಬರೀ "ಎಲ್ಲರನ್ನೂ ಕೇಳಿ" ಅಂತ ಗುರಿ ಕೊಟ್ಟರೆ ಒಂದು ವಾರ ಮಾಡುತ್ತೇವೆ, ಆಮೇಲೆ ಹಳೆಯ ದಾರಿಗೇ ಹೋಗುತ್ತೇವೆ. ಬೇರೆ ಯಾರಾದರೂ ಹೇಗೆ ಮಾಡುತ್ತಾರೆ ಅಂತ ಕಣ್ಣಾರೆ ನೋಡುವ ಅವಕಾಶ ಬೇಕು. ನನಗೆ ಆ ಅವಕಾಶ ಯಾರೂ ಕೊಟ್ಟಿಲ್ಲ.

ಡಯಟ್_ನಿವೃತ್ತ

ಸರಿಯಾದ ಮಾತು. ಗುರಿಯ ಪಕ್ಕದಲ್ಲೇ ಶಾಲೆ ಏನು ಕೊಡುತ್ತದೆ ಅಂತಲೂ ಬರೆಯಬೇಕು. ಮಾಡಬೇಕಾದ್ದು ಇಷ್ಟು: ಪ್ರಶ್ನೆ ಕೇಳಿ ಮೂರು ಸೆಕೆಂಡ್ ಸುಮ್ಮನಿರುವುದು, ಎಲ್ಲರೂ ಉತ್ತರವನ್ನು ಪುಸ್ತಕದಲ್ಲಿ ಬರೆಯುವುದು, ಆಮೇಲೆ ಹೆಸರು ಹಿಡಿದು ಕೇಳುವುದು. ಬರೆಯುತ್ತಿರುವ ಮಕ್ಕಳು ಗಲಾಟೆ ಮಾಡುವುದು ಕಡಿಮೆ. ಮೂರು ಸೆಕೆಂಡ್ ಕೇಳಲು ಚಿಕ್ಕದು, ತರಗತಿಯಲ್ಲಿ ನಿಂತಾಗ ತುಂಬಾ ಉದ್ದ. ಅಮೆರಿಕದ ಮೇರಿ ಬಡ್ ರೋ ಎಪ್ಪತ್ತರ ದಶಕದಲ್ಲೇ ಇದನ್ನು ಅಳೆದು ತೋರಿಸಿದ್ದರು. ಶಿಕ್ಷಕರು ಸಾಮಾನ್ಯವಾಗಿ ಕಾಯುವುದು ಒಂದು ಸೆಕೆಂಡ್ ಅಷ್ಟೇ. ಮೂರರವರೆಗೆ ಕಾದಾಗ ಮಕ್ಕಳ ಉತ್ತರ ಉದ್ದವಾಯಿತು, ಬಾಯಿ ಬಿಡದವರೂ ಮಾತಾಡಿದರು.

ಗುರಿ ಎರಡೇ ಸಾಕು. ಒಂದು ಪ್ರಶ್ನೆ ಕೇಳುವುದು, ಇನ್ನೊಂದು ಲೆಕ್ಕ ತಿದ್ದುವುದು.

ವಸಂತಾ_ಎಚ್ಎಂ

ಎಲ್ಲ ಸೇರಿಸಿ ಮತ್ತೆ ಬರೆದಿದ್ದೇನೆ. ನೋಡಿ.

"ಈ ವರ್ಷ 8ನೇ ತರಗತಿ ಬಿ ಸೆಕ್ಷನ್‌ನ ಎಲ್ಲ ನೋಟ್‌ಪುಸ್ತಕಗಳನ್ನೂ ಸಮಯಕ್ಕೆ ಸರಿಯಾಗಿ ತಿದ್ದಿದ್ದಾರೆ. ನವೆಂಬರ್-ಡಿಸೆಂಬರ್‌ನ ಮಂಜೂರಾದ ರಜೆಯಲ್ಲಿ ಶಾಲೆ ಗಣಿತ ಪಾಠಕ್ಕೆ ಬದಲಿ ವ್ಯವಸ್ಥೆ ಮಾಡಲಿಲ್ಲ. ಜನವರಿಯಿಂದ ಶನಿವಾರಗಳಂದು ಸ್ವಇಚ್ಛೆಯಿಂದ ತರಗತಿ ತೆಗೆದುಕೊಂಡು ಉಳಿದ ಎರಡು ಅಧ್ಯಾಯ ಮುಗಿಸಿದ್ದಾರೆ.

ಸೆಕ್ಷನ್‌ಗಳನ್ನು ಹಿಂದಿನ ಅಂಕದ ಮೇಲೆ ಹಂಚಲಾಗಿದೆ. ಎ ಮತ್ತು ಬಿ ನಡುವಿನ ಅಂತರ ಸೇತುಬಂಧದಲ್ಲಿ 24 ಇತ್ತು, ಎಸ್‌ಎ-2ರಲ್ಲಿ, ಪರೀಕ್ಷೆ ಬರೆದ ಮಕ್ಕಳ ಲೆಕ್ಕದಲ್ಲಿ, 18 ಇದೆ. ಎರಡೂ ಬೇರೆ ಬೇರೆ ಪರೀಕ್ಷೆಗಳಾದ್ದರಿಂದ ಅಂಕದ ಆಧಾರದ ಮೇಲೆ ಬೋಧನೆಯನ್ನು ಮೆಚ್ಚುವುದೂ ಇಲ್ಲ, ದೂರುವುದೂ ಇಲ್ಲ.

ಫೆಬ್ರವರಿಯ ವೀಕ್ಷಣೆಯಲ್ಲಿ ಕೇಳಿದ 14 ಪ್ರಶ್ನೆಗಳಲ್ಲಿ 11ಕ್ಕೆ ಅದೇ ಐದು ಮಕ್ಕಳು ಉತ್ತರಿಸಿದರು. ಅಕ್ಟೋಬರ್‌ನಲ್ಲೂ ಇದೇ ರೀತಿ ಕಂಡುಬಂದಿದೆ. ನೋಡಿದ ಹತ್ತು ಪುಸ್ತಕಗಳಲ್ಲಿ ಏಳರಲ್ಲಿ ತಪ್ಪು ಲೆಕ್ಕದ ಪಕ್ಕ ಸರಿ ಉತ್ತರ ಬರೆಯಲಾಗಿದೆ, ಮಗು ಲೆಕ್ಕವನ್ನು ಮತ್ತೆ ಮಾಡಿಲ್ಲ.

ಗುರಿ: ಸೆಪ್ಟೆಂಬರ್ ಕೊನೆಯ ಹೊತ್ತಿಗೆ, ಒಂದು ಪೀರಿಯಡ್‌ನಲ್ಲಿ ಕನಿಷ್ಠ 12 ಬೇರೆ ಬೇರೆ ಮಕ್ಕಳು ಉತ್ತರಿಸುವಂತಾಗಬೇಕು. ತಪ್ಪಾದ ಹಂತಕ್ಕೆ ಗುರುತು ಹಾಕಿ, ಮಗುವಿನಿಂದಲೇ ಮತ್ತೆ ಮಾಡಿಸಬೇಕು. ಇದಕ್ಕಾಗಿ ಜೂನ್-ಜುಲೈನಲ್ಲಿ ವಾರಕ್ಕೊಂದು ಪೀರಿಯಡ್ ಬಿಡುವು ಕೊಟ್ಟು, ಸಹೋದ್ಯೋಗಿಯ ತರಗತಿ ನೋಡಲು ಶಾಲೆ ಅವಕಾಶ ಮಾಡುತ್ತದೆ. ಮುಖ್ಯ ಶಿಕ್ಷಕಿ ಜುಲೈ ಮತ್ತು ಸೆಪ್ಟೆಂಬರ್‌ನಲ್ಲಿ ತರಗತಿ ವೀಕ್ಷಿಸಿ ಅದೇ ದಿನ ಮಾತಾಡುತ್ತಾರೆ."

ಇವತ್ತು ಮಧ್ಯಾಹ್ನ ಅವರಿಗೆ ತೋರಿಸಿದೆ. ಐದು ಮಕ್ಕಳ ಲೆಕ್ಕ ಓದಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ಜುಲೈಯಲ್ಲೂ ನೀವು ಬಂದಿದ್ದಿರಲ್ಲ, ಆಗಲೇ ಹೇಳಿದ್ದರೆ ಈ ವರ್ಷವೇ ಬದಲಾಯಿಸುತ್ತಿದ್ದೆ" ಅಂದರು. ಅದು ನಿಜ. 12 ಮಕ್ಕಳ ಗುರಿ ಒಪ್ಪಿದರು. ಪುಸ್ತಕದ ಗುರಿಗೆ, ಎಲ್ಲ ಲೆಕ್ಕಕ್ಕೂ ಬೇಡ, ವಾರಕ್ಕೆ ಎರಡು ಲೆಕ್ಕ ಆರಿಸಿ ಹಾಗೆ ತಿದ್ದುತ್ತೇನೆ ಅಂದರು. ಅದನ್ನು ಸೇರಿಸುತ್ತೇನೆ.

ಇನ್ನು ಆ ಅಂಕ. ಐದಕ್ಕೆ ಮೂರೋ, ನಾಲ್ಕೋ?

ಕಿರಣ್_ಬೆಂಗಳೂರು

ಬರವಣಿಗೆ ಬಹಳ ಚೆನ್ನಾಗಿದೆ ಮೇಡಂ. ನಾನಾದರೆ ಮೂರು. ಎರಡು ವೀಕ್ಷಣೆಯಲ್ಲೂ ಒಂದೇ ಕೊರತೆ ಕಂಡಿದೆ.

ಸವಿತಾ_ಜಿಹೆಚ್ಎಸ್

ನಾನು ನಾಲ್ಕು ಅನ್ನುತ್ತೇನೆ. ಅಕ್ಟೋಬರ್‌ನಲ್ಲೇ ಕಂಡದ್ದನ್ನು ಅವರಿಗೆ ಏಪ್ರಿಲ್‌ನಲ್ಲಿ ಹೇಳಿದ್ದು. ಹೇಳದೇ ಇದ್ದದ್ದಕ್ಕೆ ಅಂಕ ಕಳೆಯುವುದು ಹೇಗೆ?

ಡಯಟ್_ನಿವೃತ್ತ

ಇದರಲ್ಲಿ ನಾನು ಸವಿತಾ ಅವರ ಕಡೆ ವಾಲುತ್ತೇನೆ, ಆದರೆ ಕಿರಣ್ ಹೇಳುವುದರಲ್ಲೂ ಹುರುಳಿದೆ. ಮಕ್ಕಳಿಗೆ ಆದ ನಷ್ಟ ನಷ್ಟವೇ. ನಿಮ್ಮ ನಮೂನೆಯಲ್ಲಿ ಮೂರು ಅಂದರೆ ಏನು, ನಾಲ್ಕು ಅಂದರೆ ಏನು ಅಂತ ವಿವರಣೆ ಇದೆಯಾ? ಇದ್ದರೆ ಅದಕ್ಕೆ ಹೊಂದಿಸಿ. ಇಲ್ಲದಿದ್ದರೆ, ಉಳಿದ ಶಿಕ್ಷಕರಿಗೆ ಮೂರು ಮತ್ತು ನಾಲ್ಕು ಯಾವ ಕಾರಣಕ್ಕೆ ಕೊಟ್ಟಿದ್ದೀರಿ ಅಂತ ಒಮ್ಮೆ ತೆಗೆದು ನೋಡಿ. ಅವರ ತರಗತಿಯಲ್ಲಿ ಯಾರು ಉತ್ತರಿಸಿದರು ಅಂತ ಎಣಿಸದೆ ನಾಲ್ಕು ಕೊಟ್ಟು, ಎಣಿಸಿದ ಒಬ್ಬರಿಗೆ ಮಾತ್ರ ಮೂರು ಕೊಟ್ಟರೆ ಅನ್ಯಾಯ.

ವಸಂತಾ_ಎಚ್ಎಂ

ವಿವರಣೆ ಇಲ್ಲ ಸರ್, ಬರೀ ಒಂದರಿಂದ ಐದು. ಉಳಿದವರ ತರಗತಿಯಲ್ಲಿ ನಾನು ಎಣಿಸಿಲ್ಲ, ಇವರ ತರಗತಿಯಲ್ಲಿ ಮಾತ್ರ. ಹಾಗಾದರೆ ಮುಗಿಸಿದ್ದೇನೆ ಅಂದುಕೊಂಡ ವರದಿಗಳನ್ನೂ ಮತ್ತೆ ತೆರೆಯಬೇಕು. ಮಂಡಳಿಯಿಂದ ಒಂದು ವಾರ ಹೆಚ್ಚಿಗೆ ಕೇಳುತ್ತೇನೆ.

ನಾಗವೇಣಿ_ಗಣಿತ

ಮೇಡಂ, ಕಳಿಸುವ ಮೊದಲು ಕೊನೆಯಲ್ಲಿ ಶಿಕ್ಷಕಿಯ ಮಾತಿಗೆ ನಾಲ್ಕು ಸಾಲು ಜಾಗ ಬಿಡಿ. ಸಹಿ ಪಕ್ಕದಲ್ಲಿ "ಓದಿದ್ದೇನೆ" ಅಂತ ಇರಲಿ, "ಒಪ್ಪಿದ್ದೇನೆ" ಅಂತ ಬೇಡ. ಜುಲೈಯಲ್ಲಿ ಹೇಳಬೇಕಿತ್ತು ಅಂದರಲ್ಲ, ಆ ಮಾತನ್ನು ಅವರ ಕೈಬರಹದಲ್ಲೇ ಬರೆಯಲಿ.